ಆರ್ಗಾನಿನ ಲೆಕ್ಕದಲ್ಲಿ ಬಿಟ್ಟುಹೋದ R

ಪುತ್ತೂರಿನ ಎಂಎಸ್ಸಿ ತರಗತಿಯ ಟೆಸ್ಟಿನಲ್ಲಿ ಭವಿತಾಳಿಗೆ ಸೊನ್ನೆ ಬಿತ್ತು. ಪಾರ್ಟಿಶನ್ ಫಂಕ್ಷನ್ q‌ನಿಂದ ಅವಳು ಕಂಡುಹಿಡಿದ ಆರ್ಗಾನಿನ ಎಂಟ್ರೊಪಿ ೧೫೪.೮. ವರ್ಷವರ್ಷವೂ ಜೆರಾಕ್ಸ್ ಆಗುತ್ತಾ ಬಂದ, ಸರ್ ಕೊಡುವ ನೋಟ್ಸಿನಲ್ಲಿ ೧೪೬.೫ ಎಂದಿತ್ತು.

"ಪುಸ್ತಕದ ಟೇಬಲ್ ನೋಡಿ ಕಾಪಿ ಹೊಡೆದದ್ದಲ್ವಾ?" ಎಂದರು ಜಯಪ್ರಕಾಶ್ ಸರ್. "ಟೇಬಲಿನದ್ದು ಪ್ರಯೋಗದ ಲೆಕ್ಕ. ಸ್ವಲ್ಪ ಹೆಚ್ಚುಕಮ್ಮಿ ಇರ್ತದೆ."

ಭವಿತಾ ಸೀದಾ ಬೋರ್ಡಿಗೆ ನುಗ್ಗಿದಳು.

"ಹೆಚ್ಚುಕಮ್ಮಿ ಅಲ್ಲ ಸರ್! ವ್ಯತ್ಯಾಸ ೮.೩. ಅದು ಸರಿಯಾಗಿ ಒಂದು R, ಅನಿಲ ಸ್ಥಿರಾಂಕ! ಪರಮಾಣುಗಳೆಲ್ಲ ಒಂದೇ ತರ, ಅದಕ್ಕೇ N!ನಿಂದ ಭಾಗಿಸುದು. ln N! ಅಂದ್ರೆ N ln N ಮೈನಸ್ N. ಈ ಮೈನಸ್ N ನೋಟ್ಸಲ್ಲಿ ಎಲ್ಲಿ ಉಂಟು? ಅದನ್ನು ಬಿಟ್ಟದ್ದಕ್ಕೆ ಸೂತ್ರದ ಎರಡೂವರೆ ಒಂದೂವರೆ ಆಯ್ತು!"

ಅವಳ ಕೈಯ ಸೀಮೆಸುಣ್ಣ ಮುರಿಯಿತು. ln(q/N) ೧೬.೧೨. ಅದಕ್ಕೆ ಎರಡೂವರೆ ಕೂಡಿಸಿ R‌ನಿಂದ ಗುಣಿಸಿದಳು: ೧೫೪.೮!

"ಹಾಗಾದ್ರೆ ೧೪೬.೫ ಬರೆದ ನನ್ನ ಫುಲ್ ಮಾರ್ಕು ಹೋಯ್ತಾ ಮಾರಾಯ್ತಿ?" ಹಿಂದಿನ ಬೆಂಚಿನಿಂದ ರಿತೇಶ್ ಕೂಗಿದ. ತರಗತಿ ಗೊಳ್ಳೆಂದಿತು.

ಸರ್ ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಒತ್ತಿ ನೋಡಿದರು. ಸೊನ್ನೆಗೆ ಅಡ್ಡಗೆರೆ ಎಳೆದರು.

"ಅಷ್ಟು ಸಾಲದು ಸರ್. ಎಲ್ಲರೆದುರು ನನ್ನನ್ನು ಕಳ್ಳಿ ಮಾಡಿದ್ದೀರಿ, ಎಲ್ಲರೆದುರೇ ಹೇಳಿ."

ಸರ್ ಎದ್ದು ನಿಂತರು. "ಭವಿತಾ ಕಾಪಿ ಹೊಡೆದಿಲ್ಲ. ತಪ್ಪಿದ್ದು ನಾನು ಕೊಟ್ಟ ನೋಟ್ಸ್."