ಇಲ್ಲದ ಗಗನಾಳ ಪತ್ರ

ಹೊನ್ನಕುಡಿಗೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಗನಾ ಎಂಬ ಹುಡುಗಿ ಯಾವತ್ತೂ ಓದಿದವಳಲ್ಲ. ಆದರೂ ಹನ್ನೆರಡು ವರ್ಷಗಳಿಂದ ಆ ಶಾಲೆಯ ಹತ್ತನೇ ತರಗತಿಯ ಮಕ್ಕಳೆಲ್ಲ ಅವಳ ಹೆಸರಿನಲ್ಲೇ ಸಂಪಾದಕರಿಗೆ ಪತ್ರ ಬರೆಯುತ್ತಿದ್ದರು. 'ನಿಮ್ಮನ್ನು ಗಗನಾ ಎಂದು ಭಾವಿಸಿಕೊಂಡು' ಎಂದು ಪ್ರಶ್ನೆಯಲ್ಲೇ ಇರುತ್ತಿತ್ತು. ಸ್ವಂತ ಹೆಸರು ಬರೆದವರಿಗೆ ಕನ್ನಡದ ಪ್ರೇಮಕುಮಾರಿ ಟೀಚರ್ ಐದರಲ್ಲಿ ಒಂದು ಅಂಕ ಕಳೆಯುತ್ತಿದ್ದರು. ಪರೀಕ್ಷೆಯಲ್ಲಿ ಯಾರ ಗುರುತೂ ಕಾಣಬಾರದಲ್ಲ.

ಪತ್ರದ ವಿಷಯವೂ ಬದಲಾಗಿರಲಿಲ್ಲ. ಉರಿಯದ ಬೀದಿದೀಪ. ಊರಿನ ಬೀದಿದೀಪಗಳೇನೋ ಹಾಡಹಗಲೂ ಉರಿಯುತ್ತಿದ್ದವು, ಆದರೆ ಗೈಡಿನಲ್ಲಿ ಇದ್ದದ್ದು ಹಾಗೆ.

ಈ ವರ್ಷ ದರ್ಶನ್ ಎಂಬ ಹುಡುಗ ದೀಪ ಬಿಟ್ಟು ಶಾಲೆಯ ಗೇಟಿನ ಮುಂದಿನ ಚರಂಡಿ ಹಿಡಿದ. ಎರಡು ವರ್ಷದ ಹಿಂದೆ ಅದರ ಮೇಲಿನ ಕಲ್ಲುಚಪ್ಪಡಿ ಮುರಿದುಹೋಗಿತ್ತು. ಯಾರೂ ಬೀಳದಿರಲೆಂದು ಯಾರೋ ಪುಣ್ಯಾತ್ಮರು ಗುಂಡಿಗೆ ಒಂದು ಹಾಲುವಾಣದ ಕೊಂಬೆ ನೆಟ್ಟಿದ್ದರು. ಹಾಲುವಾಣಕ್ಕೆ ಗೊತ್ತಿರುವುದು ಒಂದೇ ಕೆಲಸ, ನೆಟ್ಟಲ್ಲಿ ಚಿಗುರುವುದು. ಈಗ ಅದರ ನೆರಳಿನಲ್ಲಿ ಎರಡು ಬೈಕು ನಿಲ್ಲುತ್ತವೆ. ಕಳೆದ ಆಷಾಢದಲ್ಲಿ ಬಿಸಿಯೂಟದ ಶಿವಗಂಗಮ್ಮ ತರಕಾರಿ ಬುಟ್ಟಿ ಹೊತ್ತು ಬರುವಾಗ ಅಲ್ಲೇ ಬಿದ್ದು ಕಾಲು ಮುರಿದುಕೊಂಡರು. ಈಗಲೂ ಕುಂಟುತ್ತಾರೆ. ಅವರನ್ನು ಎತ್ತಿದವರಲ್ಲಿ ಪ್ರೇಮಕುಮಾರಿಯವರೂ ಒಬ್ಬರು. ಎತ್ತಿ, ಕೈ ತೊಳೆದುಕೊಂಡು, ಒಳಗೆ ಹೋಗಿ ಬೀದಿದೀಪದ ಪತ್ರ ಹೇಳಿ ಬರೆಸಿದ್ದರು. ದರ್ಶನನ ಪತ್ರ ತಿದ್ದುವಾಗ ಅದು ನೆನಪಾಗಿ ಅವರಿಗೆ ನಾಚಿಕೆಯಾಯಿತು.

ಐದಕ್ಕೆ ಐದು ಕೊಟ್ಟರು. ಹಾಗೇ ಹಾಳೆಯನ್ನು ಲಕೋಟೆಗೆ ಹಾಕಿ, ಜಿಲ್ಲೆಯ ಒಂದು ಸಣ್ಣ ಪತ್ರಿಕೆಗೆ ಅಂಚೆ ಮಾಡಿಬಿಟ್ಟರು. ಕಾಗುಣಿತ ತಿದ್ದಿದ್ದರು, ದಿನಾಂಕ ತಿದ್ದಿದ್ದರು. ಹೆಸರು ತಿದ್ದಲಿಲ್ಲ. ಅವರ ಕಣ್ಣಿಗೆ ಅದು ಸರಿಯಾಗಿಯೇ ಇತ್ತು.

ಎಂಟನೇ ದಿನ ಪತ್ರ ಅಚ್ಚಾಯಿತು: 'ಗಗನಾ, ಹತ್ತನೇ ತರಗತಿ, ಹೊನ್ನಕುಡಿಗೆ'. ತಾಲ್ಲೂಕು ಪಂಚಾಯಿತಿಯವರು ಅದನ್ನು ಕತ್ತರಿಸಿ, ವರದಿ ಕೊಡಿ ಎಂದು ಗ್ರಾಮ ಪಂಚಾಯಿತಿಗೆ ಕಳಿಸಿದರು. ಪಿಡಿಒ ಬಸವಪ್ರಸಾದ್ ಬೈಕಿನಲ್ಲಿ ಬಂದು, ಹಾಲುವಾಣದ ನೆರಳಿನಲ್ಲಿ ನಿಲ್ಲಿಸಿ, ಗುಂಡಿಯನ್ನು ಹುಷಾರಾಗಿ ದಾಟಿ, ಹೆಡ್‌ಮಾಸ್ಟರ ಜೊತೆ ಪ್ರೇಮಕುಮಾರಿಯವರ ತರಗತಿಗೆ ಬಂದರು.

"ಗಗನಾ ಅನ್ನೋರನ್ನ ಸ್ವಲ್ಪ ಕರೀತೀರಾ ಮೇಡಂ? ದೂರುದಾರರ ಹೇಳಿಕೆ ಬೇಕು."

ಹೆಡ್‌ಮಾಸ್ಟರು ಹಾಜರಿ ಪುಸ್ತಕ ಎರಡು ಸಲ ನೋಡಿದರು. ಗಗನಾ ಇರಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದ ದರ್ಶನ್ ಎದ್ದು ನಿಂತ.

"ಬರ್ದಿದ್ದು ನಾನು ಸಾರ್."

"ನಿನ್ನ ಹೆಸ್ರು?"

"ದರ್ಶನ್."

"ಇಲ್ಲಿ ಗಗನಾ ಅಂತ ಇದ್ಯಲ್ಲ ಮಾರಾಯ. ಕೂತ್ಕೋ."

ಬಸವಪ್ರಸಾದ್ ಕೆಟ್ಟವರಲ್ಲ. ಗುಂಡಿ ಮುಚ್ಚಬಾರದೆಂದು ಅವರಿಗೇನೂ ಹಟವಿರಲಿಲ್ಲ, ಕಡತ ಮುಚ್ಚಬೇಕಿತ್ತು ಅಷ್ಟೆ. 'ಈ ಹೆಸರಿನ ದೂರುದಾರರು ಸದರಿ ಶಾಲೆಯಲ್ಲಿ ಇಲ್ಲದ ಕಾರಣ ದೂರನ್ನು ಮುಕ್ತಾಯಗೊಳಿಸಬಹುದು' ಎಂದು ದುಂಡಗೆ ಬರೆದು, ಸಾಕ್ಷಿಯ ಸಹಿಗೆಂದು ಹಾಳೆಯನ್ನು ಪ್ರೇಮಕುಮಾರಿಯವರತ್ತ ತಳ್ಳಿದರು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿದರೆ ಗುಂಡಿ ಇನ್ನೂ ಹತ್ತು ವರ್ಷ ಬಾಯಿ ತೆರೆದುಕೊಂಡಿರುತ್ತದೆ. ನಿಜ ಹೇಳಿದರೆ, ಸರ್ಕಾರಿ ನೌಕರಳು ಸರ್ಕಾರದ ಮೇಲೆ ಪೇಪರಿಗೆ ಬರೆಸಿದಳು ಎಂದು ಇಲಾಖೆ ಕೇಳುತ್ತದೆ. ಬಡ್ತಿಯ ಪಟ್ಟಿ ಬರುವ ಹೊತ್ತು ಬೇರೆ. ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅಷ್ಟರಲ್ಲಿ ಹೊರಗಿನಿಂದ, ಒಂದು ಕಾಲು ಎಳೆಯುತ್ತ, ಶಿವಗಂಗಮ್ಮ ಟ್ರೇ ಹಿಡಿದು ಬಂದರು.

"ಕಾಫಿ ತಗಳಿ ಸಾರ್. ಹೋಗ್ವಾಗ ನೋಡ್ಕಂಡ್ ಹೋಗಿ, ಅಲ್ಲೊಂದು ಗುಂಡಿ ಐತೆ."

ಪ್ರೇಮಕುಮಾರಿ ಪೆನ್ನು ತೆಗೆದುಕೊಂಡರು. ಸಹಿಯ ಜಾಗದ ಮೇಲೆ ಬರೆದರು: 'ಗಗನಾ ಇಲ್ಲ. ಗುಂಡಿ ಇದೆ. ಅದರಲ್ಲಿ ಶಿವಗಂಗಮ್ಮನವರು ಬಿದ್ದದ್ದನ್ನು ನಾನು ಕಂಡಿದ್ದೇನೆ. ಪತ್ರ ಕಳಿಸಿದವಳು ನಾನು. ನಾನೇ ದೂರುದಾರಳು.' ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಬಸವಪ್ರಸಾದ್ ಓದಿ ನಿಟ್ಟುಸಿರು ಬಿಟ್ಟರು. "ಹಿಂಗ್ ಬರ್ದ್ರೆ ನಾನು ಚಪ್ಪಡಿ ಹಾಕಿಸ್ಬೇಕಾಗುತ್ತಲ್ಲ ಮೇಡಂ."

"ಹೌದು ಸಾರ್," ಎಂದರು ಟೀಚರ್.

ಅದಾದ ಹತ್ತನೇ ದಿನ ಚಪ್ಪಡಿ ಬಂತು. ಕಡಿದ ಹಾಲುವಾಣದ ಒಂದು ಕೊಂಬೆಯನ್ನು ಶಿವಗಂಗಮ್ಮ ಅಡುಗೆ ಕೋಣೆಯ ಹಿಂದೆ ನೆಟ್ಟರು. ಹನ್ನೆರಡನೇ ದಿನ ಇಲಾಖೆಯ ನೋಟಿಸೂ ಬಂತು: ಅನುಮತಿಯಿಲ್ಲದೆ ಪತ್ರಿಕೆಗೆ ಬರೆದದ್ದೇಕೆ, ಮೂರು ದಿನದೊಳಗೆ ಉತ್ತರಿಸಿ.

ಅಂದು ಪ್ರೇಮಕುಮಾರಿ ಹತ್ತನೇ ತರಗತಿಯಲ್ಲೇ ಕೂತು ಉತ್ತರ ಬರೆದರು. ಇವರಿಂದ, ಇವರಿಗೆ, ವಿಷಯ, ಮಾನ್ಯರೇ, ಸ್ಥಳ, ದಿನಾಂಕ, ಎಲ್ಲವೂ ಇದ್ದಲ್ಲೇ ಇದ್ದವು. ಮೊದಲ ಬೆಂಚಿನ ಹುಡುಗಿ ಇಣುಕಿ ನೋಡಿದಳು.

"ಟೀಚರ್, ನೀವು ಸ್ವಂತ ಹೆಸ್ರು ಬರ್ದಿದ್ದೀರ. ಒಂದು ಮಾರ್ಕ್ಸ್ ಹೋಗುತ್ತೆ."

"ಹೋಗ್ಲಿ ಬಿಡು," ಎಂದು ಅವರು ಲಕೋಟೆ ಅಂಟಿಸಿದರು.