ಕೈ ಕಿರ್ ಅನ್ನುವವರೆಗೆ

ಸೋಮವಾರ ಬೆಳಗ್ಗೆ ಹೆರಿಗೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಸಿಸ್ಟರ್ ಥೆಕ್ಲಾ ಸ್ವರೂಪ ಒಗೆದು ತಂದ ಮೂಟೆ ಬಿಚ್ಚಿ ಒಂದು ಟವೆಲ್ ತೆಗೆದರು. ಅದನ್ನು ನಿಲ್ಲಿಸಿದರೆ ನಿಲ್ಲುವಂತಿತ್ತು. ಮಡಿಕೆ ಬಿಚ್ಚಿದಾಗ ಹಪ್ಪಳ ಮುರಿದ ಸದ್ದು ಬಂತು.

"ಸ್ವರೂಪಾ, ಇದನ್ನ ಹುಟ್ಟಿ ಎರಡು ದಿನ ಆದ ಮಗುಗೆ ಸುತ್ತಬೇಕು. ನೀನೇ ಸುತ್ತಿ ತೋರಿಸು."

ಸ್ವರೂಪ ಟವೆಲನ್ನು ಕೈಗೆ ತೆಗೆದುಕೊಂಡಳು.

"ಮೂರು ಮಕ್ಕಳ ಬೆನ್ನು ಕೆಂಪಾಗಿದೆ. ಡಾಕ್ಟರಮ್ಮ ಪಟ್ಟಣದ ಮೆಷಿನ್ ಲಾಂಡ್ರಿಯವರನ್ನ ಕರೆಸಿ ಮಾತಾಡಿದಾರೆ. ನಾನು ಶನಿವಾರದವರೆಗೆ ತಡೆದಿದೀನಿ, ಆಮೇಲೆ ನನ್ನ ಕೈಲಿ ಇಲ್ಲ."

"ಸರಿ ಸಿಸ್ಟರ್," ಎಂದಳು. ಗಂಡ ಐಲಯ್ಯ ತೀರಿಹೋಗಿ ಏಳು ತಿಂಗಳಾಗಿತ್ತು. ಅಂದಿನಿಂದ ಅವಳಿಗೆ ಯಾರು ಏನು ಹೇಳಿದರೂ ಗೋಡೆಯಾಚೆಯಿಂದ ಹೇಳಿದಂತೆ ಕೇಳುತ್ತಿತ್ತು. ಬೈದರೂ ಹಾಗೇ, ಹೊಗಳಿದರೂ ಹಾಗೇ. ಆಸ್ಪತ್ರೆಯ ಮೂಟೆ ತಪ್ಪಿದರೆ ಮನೆಯಲ್ಲಿ ಒಲೆ ಹತ್ತುವುದು ಕಷ್ಟ, ಮಗಳನ್ನು ಹಾಸ್ಟೆಲಿನಿಂದ ಬಿಡಿಸಿ ಕರೆತರಬೇಕಾಗುತ್ತದೆ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಎದೆಯವರೆಗೆ ಇಳಿಯುತ್ತಿರಲಿಲ್ಲ, ಅಷ್ಟೆ.

ಚೌಟುಪ್ಪಲ್‌ನ ಆ ಬೀದಿಯಲ್ಲಿ ಎಲ್ಲರ ಮನೆಯದೂ ಬೋರಿನ ನೀರೇ. ಏಳುನೂರು ಅಡಿ ಕೆಳಗಿನ ಬಂಡೆಯ ನೀರು. ನೋಡಲು ತಿಳಿಯಾಗಿರುತ್ತದೆ, ಕುದಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಕೂರುತ್ತದೆ. ನಲ್ಲಿಯ ಬಾಯಿಗೆ ಬಿಳಿ ಗಡ್ಡ ಬೆಳೆಯುತ್ತದೆ. ಸೋಪು ನೊರೆಯಾಗುವ ಬದಲು ಒಡೆದ ಹಾಲಿನಂತೆ ಚೂರುಚೂರಾಗಿ ತೇಲುತ್ತದೆ, ಆ ಚೂರೇ ಬಟ್ಟೆಯ ಎಳೆಯಲ್ಲಿ ಕೂತು ಒಣಗುತ್ತದೆ. ಬಟ್ಟೆ ಬಿರುಸಾದಷ್ಟೂ ಸ್ವರೂಪ ಸೋಪು ಹೆಚ್ಚು ಹಾಕಿದಳು, ಸೋಪು ಹೆಚ್ಚಾದಷ್ಟೂ ಬಟ್ಟೆ ಬಿರುಸಾಯಿತು.

ಅವಳು ಬಂದು ಮೂಟೆ ಇಳಿಸಿದಾಗ ಅತ್ತೆ ಲಸ್ಮವ್ವ ಜಗುಲಿಯಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದಳು.

"ಏನಂತೆ ನಿನ್ನ ಸಿಸ್ಟರಮ್ಮ?"

"ಬಟ್ಟೆ ಬಿರುಸಂತೆ."

"ಒಂದು ಕಾಲದಲ್ಲಿ ಬಿರುಸಾಗಲಿ ಅಂತ ಗಂಜಿ ಹಾಕ್ತಿದ್ವಿ. ಖಾದಿ ತೊಡೋ ಲೀಡರುಗಳು ಕೈಮುಗಿದು ಕೇಳ್ತಿದ್ರು. ಈಗ ನೀರೇ ಪುಕ್ಕಟೆ ಗಂಜಿ ಹಾಕಿ ಕೊಟ್ರೆ ಬೇಡವಂತೆ!"

ಸ್ವರೂಪ ನಗಲಿಲ್ಲ. ಮುದುಕಿಯೂ ನಗಲೆಂದು ಹೇಳಿದ್ದಲ್ಲ.

ಮಧ್ಯಾಹ್ನ ಮೈದುನ ಮಲ್ಲೇಶ ಬಂದ. ಕೊಳಾಯಿ ಕೆಲಸದವನು, ಬಾಯಿ ಸುಮ್ಮನಿರದವನು. ಬಂದವನೇ, ನೀರಿನ ಸುಣ್ಣ ಕಳೆಯಲೆಂದು ಬೋರಿನ ಪೈಪಿಗೆ ಕಟ್ಟಿದ್ದ ನೀಲಿ ಆಯಸ್ಕಾಂತದ ಪಟ್ಟಿಯನ್ನು ಬೆರಳಿನಿಂದ ತಟ್ಟಿದ.

"ಅಣ್ಣ ಕಟ್ಟಿದ್ದು, ಅಲ್ವಾ? ಸಂತೆಯಲ್ಲಿ ಯಾವನೋ ಟೈ ಹಾಕ್ಕೊಂಡವನು ಮಾರಿದ್ದು. ಇದು ಇದ್ದೂ ಅಷ್ಟೇ, ಇಲ್ದಿದ್ದೂ ಅಷ್ಟೇ. ಬಿಚ್ಚಲಾ ಅತ್ತಿಗೆ?"

"ಇರಲಿ ಬಿಡು."

"ಇರಲಿ. ಗಾಳಿ ದೃಷ್ಟಿಗಾದ್ರೂ ಆಗುತ್ತೆ."

ಮನೆಯ ಸಣ್ಣ ವಾಷಿಂಗ್ ಮೆಷಿನ್ನಿನ ಹಿಂಬದಿ ಬಿಚ್ಚಿ ಅವನು ಹೀಟರಿನ ಸರಳನ್ನು ಎಳೆದ. ಅದು ಸರಳಿನಂತಿರಲಿಲ್ಲ, ಸುಣ್ಣದ ಗೆಣಸಿನಂತಿತ್ತು. ಸ್ವರೂಪ ಸುತ್ತಿಗೆ ತಂದುಕೊಟ್ಟಳು.

"ಬಡಿದ್ರೆ ಒಳಗಿನ ತಂತಿ ಹೋಗುತ್ತೆ. ನಿಂಬೆ ಉಪ್ಪು ಇದೆಯಾ?"

ಬಕೆಟಿನ ಬಿಸಿನೀರಿಗೆ ನಾಲ್ಕು ಹಿಡಿ ನಿಂಬೆ ಉಪ್ಪು ಕಲಸಿ, ವೈರು ಸೇರುವ ತುದಿಯನ್ನು ಹೊರಗಿಟ್ಟು ಸರಳನ್ನು ಮುಳುಗಿಸಿದರು. ಸೋಡಾ ಸೀಸೆ ಬಿಚ್ಚಿದಂತೆ ಗುಳ್ಳೆಗಳೆದ್ದವು. ಗುಳ್ಳೆ ನಿಂತಾಗ ನೀರು ಚೆಲ್ಲಿ ಹೊಸದಾಗಿ ಕಲಸಿ ಮತ್ತೆ ಮುಳುಗಿಸಿದರು. ಸಂಜೆಯ ಹೊತ್ತಿಗೆ ಕಪ್ಪು ಲೋಹ ಕಾಣಿಸಿತು. ಪಕ್ಕದಲ್ಲಿದ್ದ ಬ್ಲೀಚಿಂಗ್ ಪುಡಿಯ ಡಬ್ಬವನ್ನು ಮಲ್ಲೇಶ ದೂರ ತಳ್ಳಿದ. "ಇದೂ ಅದೂ ಅಪ್ಪಿತಪ್ಪಿ ಸೇರಿದ್ರೆ ಬರೋ ಗಾಳಿ ಕುಡಿದು ನಾವಿಬ್ರೂ ಅಣ್ಣನ ಹಿಂದೆ ಹೋಗ್ಬೇಕಾಗುತ್ತೆ," ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಸ್ವರೂಪ ಡಬ್ಬಕ್ಕೆ ಮುಚ್ಚಳ ಹಾಕಿದಳು.

"ಮೆಷಿನ್ನು ಬದುಕ್ತು. ಬಟ್ಟೆಗೆ ಇದರಿಂದ ಏನೂ ಆಗಲ್ಲ. ಬರೋ ನೀರೇ ಬದಲಾಗ್ಬೇಕು."

"ಕೊನೇ ಜಾಲಾಟಕ್ಕೆ ವಿನೆಗರ್ ಹಾಕಿ ನೋಡಿದೆ. ಸ್ವಲ್ಪ ಮೆದುವಾಯ್ತು. ಸ್ವಲ್ಪವೇ."

"ಹ್ಞೂಂ. ಅಂಗಡೀಲಿ ಮಾರೋ ಪರಿಮಳದ ಎಣ್ಣೆನೀರು?"

"ಸಿಸ್ಟರ್ ಬೇಡ ಅಂದ್ರು. ಮಕ್ಕಳ ಮೈಗೆ ಆಗಲ್ಲ, ಟವೆಲ್ ನೀರು ಹೀರಲ್ಲ."

"ಕುಡಿಯೋ ನೀರಿನ ಫಿಲ್ಟರಿಂದ ಹಿಡಿದ್ರೆ ಒಂದು ತೊಟ್ಟಿ ತುಂಬೋಕೆ ದಿನ ಬೇಕು, ಬರೋದಕ್ಕಿಂತ ಚರಂಡಿಗೆ ಹೋಗೋದೇ ಜಾಸ್ತಿ. ನೋಡು ಅತ್ತಿಗೆ, ಹೆದ್ದಾರಿ ಪಕ್ಕದ ಅಪಾರ್ಟ್‌ಮೆಂಟಿಗೆ ಕೃಷ್ಣಾ ನದಿ ನೀರು ಬಂತು. ಗಡಸು ನೀರನ್ನ ಮೆದು ಮಾಡೋ ಅವರ ಹಳೇ ಸಾಫ್ಟ್‌ನರ್ ನನ್ನ ಶೆಡ್ಡಲ್ಲಿ ಬಿದ್ದಿದೆ. ನಾಡಿದ್ದು ತರ್ತೀನಿ."

ಬುಧವಾರ ಅವನು ಆಟೋದಲ್ಲಿ ತಂದದ್ದು ಆಳೆತ್ತರದ ಒಂದು ಕೊಳವಿ. ಒಳಗೆ ಸಾಸಿವೆಗಿಂತ ಸಣ್ಣ ಹಳದಿ ಮಣಿಗಳು. ನೀರಿನ ಸುಣ್ಣವನ್ನು ಮಣಿಗಳು ಹಿಡಿದುಕೊಂಡು, ತಮ್ಮಲ್ಲಿರುವ ಉಪ್ಪಿನಂಶವನ್ನು ಬಿಟ್ಟುಕೊಡುತ್ತವೆ. ಹಿಡಿದು ಹಿಡಿದು ತುಂಬಿದ ಮೇಲೆ ಕಲ್ಲುಪ್ಪಿನ ನೀರನ್ನು ನಿಧಾನವಾಗಿ ಹಾಯಿಸಿದರೆ ಸುಣ್ಣ ಬಿಟ್ಟು ಮತ್ತೆ ತಯಾರಾಗುತ್ತವೆ. ಮಲ್ಲೇಶ ಹಿಮ್ಮುಖವಾಗಿ ನೀರು ಬಿಟ್ಟು ತೊಳೆದ, ಅರ್ಧ ಗಂಟೆ ಉಪ್ಪುನೀರು ಹಾಯಿಸಿದ, ಆಮೇಲೆ ಹೊರಬಂದ ನೀರು ನಾಲಿಗೆಗೆ ಸಪ್ಪೆ ಅನ್ನಿಸುವವರೆಗೆ ಚರಂಡಿಗೆ ಬಿಟ್ಟ.

"ಮಲ್ಲಿಗೆ ಗಿಡಕ್ಕೆ ಬಿಡೋ, ಸುಮ್ನೆ ಹಾಳಾಗುತ್ತೆ," ಎಂದಳು ಲಸ್ಮವ್ವ.

"ಬಿಟ್ರೆ ಗಿಡಕ್ಕೆ ತಿಥಿ ಮಾಡ್ಬೇಕಾಗುತ್ತವ್ವಾ."

ಸೀಸೆಯಲ್ಲಿ ನೀರು ಹಿಡಿದು ನಾಲ್ಕು ಎಸಳು ಸೋಪು ಹೆರೆದು ಹಾಕಿ ಕುಲುಕಿದ. ಕುತ್ತಿಗೆಯವರೆಗೆ ನೊರೆ ಎದ್ದಿತು, ಕೆಳಗಿನ ನೀರು ತಿಳಿಯಾಗಿಯೇ ಉಳಿಯಿತು. ಬೋರಿನ ನೀರಿಗೆ ಹಾಗೇ ಮಾಡಿದರೆ ಮಜ್ಜಿಗೆಯಾಯಿತು.

"ನಮ್ಮ ಬೋರಿನ ಗಡಸಿಗೆ ಇದು ಸಾವಿರದ ಐನೂರು ಲೀಟರ್ ಚಿಲ್ಲರೆ ಕೊಡುತ್ತೆ. ಆಮೇಲೆ ಮತ್ತೆ ಉಪ್ಪು. ಸೋಪು ಮೂರರಲ್ಲಿ ಒಂದು ಪಾಲು ಹಾಕು, ಸಾಕು."

ಗುರುವಾರ ಸ್ವರೂಪ ಇಪ್ಪತ್ತು ಹಾಸಿಗೆ ಬಟ್ಟೆ, ನಲವತ್ತು ಟವೆಲ್ ಒಗೆದಳು. ಸಂಜೆ ಹಗ್ಗದಿಂದ ತೆಗೆದಾಗ ಟವೆಲ್ ಮತ್ತೆ ಹಪ್ಪಳವೇ. ಮೊದಲಿನಷ್ಟಲ್ಲ, ಆದರೆ ಹಪ್ಪಳವೇ. ಅವಳು ಅದನ್ನು ಮಡಿಕೆ ಮಾಡಿದಳು. ಬಿಚ್ಚಿದಳು. ಮತ್ತೆ ಮಡಿಕೆ ಮಾಡಿದಳು. ಅಳು ಬರುವ ಹೊತ್ತಿದು ಎಂದು ಅವಳಿಗೆ ಅನ್ನಿಸಿತು, ಬರಲಿಲ್ಲ.

ಶುಕ್ರವಾರ ಬೆಳಗ್ಗೆ ಮಲ್ಲೇಶ ಕೊಳವಿಗೆ ಮತ್ತೆ ಉಪ್ಪು ಹಾಯಿಸಿ, ಸೀಸೆ ಕುಲುಕಿ ನೋಡಿದ. ನೊರೆ ಚೆನ್ನಾಗಿಯೇ ಇತ್ತು.

"ಇದು ಸರಿ ಇದೆ. ತಪ್ಪು ಬೇರೆ ಎಲ್ಲೋ ಇದೆ. ನೀನು ಒಗಿ, ನಾನು ಕೂತು ನೋಡ್ತೀನಿ."

"ನಾನು ಒಗೆಯೋದನ್ನ ನೀನು ನೋಡ್ತೀಯಾ?"

"ಹದಿನೆಂಟು ವರ್ಷದಿಂದ ಒಗೀತಿದೀಯ, ಗೊತ್ತು. ಆದ್ರೂ ಕೂತಿರ್ತೀನಿ, ಟೀ ಕೊಡು."

ಆಸ್ಪತ್ರೆಯ ಮೂಟೆ ಮೆಷಿನ್ನಿಗೆ ಹಿಡಿಯುತ್ತಿರಲಿಲ್ಲ. ಅವಳು ಇನ್ನೂರು ಲೀಟರಿನ ತೊಟ್ಟಿ ತುಂಬಿಸಿ, ಹೇಳಿದಷ್ಟೇ ಸೋಪು ಹಾಕಿ ಒಗೆದಳು. ಒಗೆದದ್ದನ್ನು ಹಿಂಡಿ, ಹೊಸ ನೀರು ತುಂಬಿ ಜಾಲಾಡಿದಳು. ಮತ್ತೊಂದು ತೊಟ್ಟಿ. ಮತ್ತೊಂದು. ಪ್ರತಿ ಸಲ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ತಲೆಯಲ್ಲಾಡಿಸಿ ನೀರು ಬಿಡುತ್ತಿದ್ದಳು.

"ಏನು ನೋಡ್ತಿದೀಯ?"

"ಜಾರುತ್ತೆ. ಸೋಪು ಹೋಗಿಲ್ಲ."

"ಹೋಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಕೈ ಕಿರ್ ಅನ್ಬೇಕು. ನಿಮ್ಮಣ್ಣ ಹೇಳಿಕೊಟ್ಟಿದ್ದು. ಕಿರ್ ಅನ್ನದಿದ್ರೆ ಬಟ್ಟೆ ತೊಟ್ಟಿಯಿಂದ ತೆಗೀಬಾರದು ಅಂತಿದ್ದ."

ಐದು ತೊಟ್ಟಿಯಾಯಿತು, ಆರಾಯಿತು, ಏಳಾಯಿತು. ಮಲ್ಲೇಶನ ಲೋಟದ ಟೀ ಆರಿಹೋಗಿತ್ತು. ಎಂಟನೆಯ ತೊಟ್ಟಿಯಲ್ಲಿ ಬಟ್ಟೆ ಉಜ್ಜಿದಾಗ ಬೆರಳು ತಡೆಯಿತು, ಕಿರ್ ಎಂದಿತು.

"ಈಗ ಹೋಯ್ತು," ಎಂದಳು.

ಅವನು ಎದ್ದು ನಲ್ಲಿಯಿಂದಲೇ ಸೀಸೆ ತುಂಬಿ, ಸೋಪು ಹೆರೆದು ಕುಲುಕಿ ಅವಳ ಕೈಗೆ ಕೊಟ್ಟ. ಸೀಸೆಯಲ್ಲಿ ಮಜ್ಜಿಗೆ ಇತ್ತು.

"ಎಂಟು ತೊಟ್ಟಿ ಜಾಲಾಟ, ಒಗೆದದ್ದೊಂದು. ಸಾವಿರದ ಎಂಟುನೂರು ಲೀಟರ್. ಮಣಿ ತುಂಬಿಹೋಗಿದೆ ಅತ್ತಿಗೆ. ಈಗ ಬರ್ತಿರೋದು ಬೋರಿನ ನೀರೇ."

"ಆದ್ರೆ ಈಗಲೇ ಕಿರ್ ಅಂದದ್ದು."

"ಅದೇ. ಕಿರ್ ಅನ್ನೋದು ಸೋಪು ಹೋದದ್ದಕ್ಕಲ್ಲ. ಕೈಮೇಲೆ ಉಳಿದ ಚೂರುಪಾರು ಸೋಪು ಸುಣ್ಣದ ಜೊತೆ ಸೇರಿ ಅಂಟೋದಕ್ಕೆ. ಮೆದು ನೀರಲ್ಲಿ ಸೋಪು ಹೋದ್ರೂ ಕೈ ಜಾರುತ್ತೆ. ನೀನು ಪ್ರತಿ ಸಲ ಒಳ್ಳೇ ನೀರನ್ನೆಲ್ಲ ಚೆಲ್ಲಿ, ಕೆಟ್ಟ ನೀರು ಬರೋವರೆಗೆ ಕಾದು, ಅದರಲ್ಲೇ ಮುಳುಗಿಸಿ ಒಣಗಿಸಿದ್ದೀಯ."

ಸ್ವರೂಪ ಸೀಸೆಯನ್ನು ಕಟ್ಟೆಯ ಮೇಲಿಟ್ಟಳು. ಇಷ್ಟು ವರ್ಷ ನಂಬಿದ್ದ ಐಲಯ್ಯನ ಕೈ ಅವಳದೇ ಕೈಯೊಳಗಿತ್ತು. ಅದು ತಪ್ಪು ಎಂದು ಒಂದು ಸೀಸೆ ಹೇಳಿತು.

ಜಗುಲಿಯಿಂದ ಲಸ್ಮವ್ವನ ದನಿ ಬಂತು. "ಕೆರೆಯಲ್ಲಿ ಒಗೀತಿದ್ದಾಗ ಯಾವಳು ಕಿರ್ ಅನ್ನಿಸ್ತಿದ್ಲು? ಅಲ್ಲೂ ಜಾರ್ತಿತ್ತು. ಮೂರು ಮುಳುಗು, ಹಿಂಡು, ಹರವು. ಬೋರು ಬಂದ್ಮೇಲೆ ನನ್ನ ಮಗ ಕಂಡುಕೊಂಡದ್ದು ಈ ಕಿರ್ರು."

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ನೀನು ಏಳು ತಿಂಗಳಿಂದ ನನ್ನ ಏನಾದ್ರೂ ಕೇಳಿದೀಯೇನೆ?"

ಮಲ್ಲೇಶ ಉಪ್ಪಿನ ಚೀಲ ಬಿಚ್ಚಿ ಮತ್ತೆ ಮಣಿ ತೊಳೆಯಲು ಕೂತ. ನೀರು ನಾಲಿಗೆಗೆ ಸಪ್ಪೆಯಾಗುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಸ್ವರೂಪ ಮತ್ತೆ ಮೊದಲಿಂದ ತೊಟ್ಟಿ ತುಂಬಿದಳು. ಒಗೆದಳು. ಒಂದು, ಎರಡು, ಮೂರು. ಮೂರನೆಯದರಲ್ಲಿ ಬಟ್ಟೆ ಇನ್ನೂ ಮೀನಿನಂತೆ ಜಾರುತ್ತಿತ್ತು. ತೊಟ್ಟಿಯ ನೀರಿನಲ್ಲಿ ನೊರೆ ಇರಲಿಲ್ಲ, ನೀರು ತಿಳಿಯಾಗಿತ್ತು. ಕೈ ಮಾತ್ರ ಬಿಡಬೇಡ, ಬಿಡಬೇಡ ಎನ್ನುತ್ತಿತ್ತು. ಅವಳು ನಲ್ಲಿಯ ಮೇಲೆ ಕೈಯಿಟ್ಟುಕೊಂಡೇ ಬಹಳ ಹೊತ್ತು ನಿಂತಳು.

"ಹಿಂಡೇ," ಎಂದಳು ಲಸ್ಮವ್ವ, ಮೆಲ್ಲಗೆ.

ಹಿಂಡಿದಳು.

ಶನಿವಾರ ಸಿಸ್ಟರ್ ಥೆಕ್ಲಾ ಟವೆಲನ್ನು ಕೆನ್ನೆಗೆ ಒತ್ತಿಕೊಂಡರು. ಇನ್ನೊಂದನ್ನು, ಮೂಟೆಯ ನಡುವಿನಿಂದ ಎಳೆದು, ಅದನ್ನೂ ಒತ್ತಿಕೊಂಡರು. ಆಮೇಲೆ ಒಳಗೆ ಹೋಗಿ ಒಂದು ಮಗುವನ್ನು ಅದರಲ್ಲೇ ಸುತ್ತಿ ತಂದು ಬಾಗಿಲಲ್ಲಿ ನಿಂತರು.

"ನೋಡು, ಅಳ್ತಿಲ್ಲ. ಡಾಕ್ಟರಮ್ಮಂಗೆ ನಾನು ಹೇಳ್ತೀನಿ. ಸೋಮವಾರದ ಮೂಟೆ ನಿನಗೇ."

"ಸರಿ ಸಿಸ್ಟರ್."

"ಎತ್ಕೋತೀಯಾ?"

"ಕೈ ಒದ್ದೆ ಇದೆ," ಎಂದಳು ಸ್ವರೂಪ. ಕೈ ಒಣಗಿಯೇ ಇತ್ತು.

ಮನೆಗೆ ಬಂದಾಗ ಲಸ್ಮವ್ವ ತಲೆಯೆತ್ತಿ ನೋಡಿದಳು. ಸ್ವರೂಪ ಚಪ್ಪಲಿ ಬಿಟ್ಟು ಅವಳ ಪಕ್ಕ ಜಗುಲಿಯಲ್ಲೇ ಕೂತಳು. ಕೆಲಸ ಉಳಿಯಿತೆಂದಳು. ಮುದುಕಿ ಹ್ಞೂಂ ಎಂದಳು. ಸ್ವರೂಪ ಕೇಳಿದಳು:

"ಕೆರೆಯಲ್ಲಿ ದಪ್ಪ ಕಂಬಳಿಗೆ ಎಷ್ಟು ಮುಳುಗು ಅತ್ತೆ?"

"ನಾಲ್ಕು," ಎಂದಳು ಲಸ್ಮವ್ವ, ಸರಿದು ಜಾಗ ಮಾಡಿಕೊಡುತ್ತ. "ಕೂಸಿನ ಬಟ್ಟೆಯಾದ್ರೆ ಅದಕ್ಕೆ ಬೇರೆ ಲೆಕ್ಕ. ಕೇಳು."