ಯುಗಾದಿ ಯಾರ ರಜೆ

ತಮಿಳುನಾಡಿನ ಪೆನ್ನಾಗರಂ ಕಡೆಯ ಆ ಸಣ್ಣ ಅಂಚೆ ಕಚೇರಿಯಲ್ಲಿ ಕೌಂಟರುಗಳು ಎರಡೇ. ಒಂದರಲ್ಲಿ ಗೋಪಾಲಪ್ಪ, ಇನ್ನೊಂದರಲ್ಲಿ ರಮಾ. ಹಿಂದಿನ ಮೇಜಿನಲ್ಲಿ ಪೋಸ್ಟ್‌ಮಾಸ್ಟರ್ ಇಳಂಗೋ. ಕೌಂಟರಿನ ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ಕಚೇರಿ ನಡೆಯುತ್ತಿತ್ತು. ಇಬ್ಬರೂ ಹಾಕಿದರೆ ಊರೇ ಬೈಯುತ್ತಿತ್ತು.

ಯುಗಾದಿಗೆ ಹತ್ತು ದಿನ ಉಳಿದಿದ್ದಾಗ ಗೋಪಾಲಪ್ಪ ತನ್ನ ಮಗಳು ರೋಜಾಳ ನಿಶ್ಚಿತಾರ್ಥದ ಸುದ್ದಿ ಹೇಳಿದ. ಗಂಡಿನ ತಂದೆ ಅಶ್ವತ್ಥಪ್ಪ ತಾಲೂಕು ಕಚೇರಿಯ ಗುಮಾಸ್ತ. ಅವರ ಮನೆಯಲ್ಲಿ ಎಲ್ಲರೂ ರಾಜ್ಯ ಸರ್ಕಾರದವರೇ, ಎಲ್ಲರಿಗೂ ಬಿಡುವಿದ್ದ ದಿನವೆಂದು ಯುಗಾದಿಯನ್ನೇ ಹಿಡಿದಿದ್ದರು.

"ಆವತ್ತು ಆಫೀಸು ಐತಲ್ಲ ಗೋಪಾಲಣ್ಣ," ಎಂದಳು ರಮಾ.

"ಏನ್ ಐತೆ? ಕ್ಯಾಲೆಂಡರ್‌ನಾಗೆ ಕೆಂಪಗೆ ಬರೆದವ್ರೆ ನೋಡು!"

"ಅದು ತಮಿಳುನಾಡು ಗೌರ್ಮೆಂಟ್‌ದು. ನಮ್ದು ಡೆಲ್ಲಿ."

ಗೋಪಾಲಪ್ಪ ಹೋದ ವರ್ಷದವರೆಗೆ ಕರ್ನಾಟಕದ ಕಚೇರಿಯಲ್ಲಿದ್ದ. ಅಲ್ಲಿ ಯುಗಾದಿಗೆ ಬಾಗಿಲು ಮುಚ್ಚುತ್ತಿತ್ತು. ಇಲ್ಲೂ ಮುಚ್ಚುತ್ತದೆಂದು ನಂಬಿ ಬೀಗರಿಗೆ ಮಾತು ಕೊಟ್ಟಿದ್ದ. ಈಗ ನೇರ ಇಳಂಗೋ ಮೇಜಿನ ಮುಂದೆ ನಿಂತ.

"ಸಾರ್, ಇದೆಂಥ ಅನ್ಯಾಯ? ಯುಗಾದಿ ಅಲ್ಲಿ ರಜೆ, ಇಲ್ಲಿ ಇಲ್ಲ?"

ಇಳಂಗೋ ಗೋಡೆಯ ಸುತ್ತೋಲೆಯತ್ತ ಪೆನ್ನು ತೋರಿಸಿದ. ಸೇಲಂನವನಾದರೂ ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಅರ್ಧ ಬರುತ್ತಿತ್ತು, ಉಳಿದರ್ಧ ತಮಿಳು. "ಹದಿನಾಲ್ಕು ಹಾಲಿಡೇ ದೇಶಕ್ಕೆಲ್ಲ ಒಂದೇ. ಮೇಲೆ ಹನ್ನೆರಡರ ಲಿಸ್ಟ್ ಇರುಕ್ಕು. ಅದರಲ್ಲಿ ಮೂರು ಆಯ್ಕೆ. ನಮ್ಗೆ ಚೆನ್ನೈ ಕಮಿಟಿ ಆರಿಸೋದು, ಕರ್ನಾಟಕಕ್ಕೆ ಬೆಂಗಳೂರು ಕಮಿಟಿ. ಅಲ್ಲಿ ಯುಗಾದಿ ತಗೊಂಡ್ರು, ಇಲ್ಲಿ ತಗೊಳ್ಳಲಿಲ್ಲ. ನೀವೂ ನಾನೂ ಆರಿಸೋ ಹಾಗಿಲ್ಲ ಸಾರ್."

"ಮತ್ತೆ ನಾವೇನ್ ಆರಿಸಾದು?"

"ಆರ್‌ಹೆಚ್. ರಿಸ್ಟ್ರಿಕ್ಟೆಡ್ ಹಾಲಿಡೇ. ಉದ್ದ ಲಿಸ್ಟ್, ಅದರಲ್ಲಿ ವರ್ಷಕ್ಕೆ ಎರಡು, ನಿಮ್ಮಿಷ್ಟ. ಯುಗಾದಿ ಅದರಲ್ಲಿ ಇದೆ."

"ಹಂಗಾದ್ರೆ ಕೊಡಿ!"

"ನೀವು ಎರಡೂ ಮುಗಿಸಿಬಿಟ್ರಿ. ಜನವರಿ ಒಂದು, ಶಿವರಾತ್ರಿ."

ಜನವರಿ ಒಂದಕ್ಕೆ ಗೋಪಾಲಪ್ಪ ಮಲಗಿದ್ದ. ಶಿವರಾತ್ರಿಗೆ ಜಾಗರಣೆ ಮಾಡುವವನಂತೆ ಹೇಳಿಕೊಂಡು ಮಲಗಿದ್ದ. ಎರಡು ದಿನದ ನಿದ್ದೆಯಿಂದ ಮಗಳ ನಿಶ್ಚಿತಾರ್ಥಕ್ಕೆ ಹೊಡೆತ ಬಿದ್ದಿತ್ತು.

"ಸಿಎಲ್ ಐತಲ್ಲ, ಕ್ಯಾಶುಯಲ್ ಲೀವು?"

"ಇರುಕ್ಕು. ಆದ್ರೆ ಯುಗಾದಿಗೆ ರಮಾ ಮೇಡಂ ಆರ್‌ಹೆಚ್ ಮುಂಚೇನೇ ಹಾಕ್ಕೊಂಡಿದಾರೆ. ನಾನು ಸ್ಯಾಂಕ್ಷನ್ ಮಾಡಿದ್ದಾಗಿದೆ. ಆರ್‌ಹೆಚ್ ಆಗ್ಲಿ ಸಿಎಲ್ ಆಗ್ಲಿ, ಕೆಲಸ ನಿಲ್ಲಬಾರ್ದು. ಇಬ್ಬರನ್ನೂ ಬಿಟ್ಟು ಕೌಂಟರಲ್ಲಿ ನಾನು ಡ್ಯಾನ್ಸ್ ಮಾಡ್ಲಾ?"

ಗೋಪಾಲಪ್ಪ ಇಲ್ಲದಿದ್ದರೆ ಹೆಣ್ಣಿನ ಪರವಾಗಿ ತಾಂಬೂಲ ಹಿಡಿಯುವುದು ಅವನ ಅಣ್ಣ ಗೋವಿಂದಪ್ಪ. ಆರು ವರ್ಷದಿಂದ ಮಾತಿಲ್ಲದ ಅಣ್ಣ. ರೋಜಾಳ ತಟ್ಟೆಗೆ ಆ ಕೈ ಬೀಳುವುದಕ್ಕಿಂತ ಕೆಲಸ ಬಿಡುವುದು ಮೇಲು ಎಂದು ಗೋಪಾಲಪ್ಪ ಜೋರಾಗಿಯೇ ಹೇಳಿದ. ಸಾಲಿನಲ್ಲಿ ನಿಂತಿದ್ದ ಪೊನ್ನಮ್ಮ, "ಕೆಲಸ ಬಿಡೋದಾದ್ರೆ ಮೊದ್ಲು ನನ್ನ ಪಾಸ್‌ಬುಕ್ ಕೊಟ್ಟು ಬಿಡಪ್ಪ," ಎಂದಳು.

ಅವನು ಪಾಸ್‌ಬುಕ್ ಕೊಟ್ಟು ರಮಾಳತ್ತ ತಿರುಗಿದ.

"ಅಮ್ಮಾ, ನಿನ್ನ ರಜೆ ಬಿಟ್ಟುಕೊಡ್ತೀಯಾ?"

"ನಂಗೂ ಹಬ್ಬ ಅಲ್ವಾ? ಒಬ್ಬಟ್ಟು ಯಾರು ಮಾಡ್ತಾರೆ, ಚೆನ್ನೈ ಕಮಿಟಿನಾ?" ಎಂದು ಅವಳು ಸ್ಟಾಂಪು ಎಣಿಸತೊಡಗಿದಳು. ಎಣಿಸುತ್ತಲೇ ಸೇರಿಸಿದಳು, "ಅದಕ್ಕಿಂತ ಮುಖ್ಯ ಮಾರನೇ ದಿನ. ವರ್ಷತೊಡಕು. ಅಣ್ಣಂದಿರು ಕುರಿ ಕುಯ್ತಾರೆ. ಆ ದಿನ ಯಾವ ಲಿಸ್ಟ್‌ನಾಗೂ ಇಲ್ಲ, ಆರ್‌ಹೆಚ್ ಆಗಲ್ಲ. ಸಿಎಲ್ ಹಾಕೋಣ ಅಂದ್ರೆ ನೀವೇ ಮೊದ್ಲೇ ಹಾಕ್ಕೊಂಡು ಕೂತಿದೀರಿ."

ಹೌದು. ಯುಗಾದಿ ಹೇಗೂ ರಜೆ ಎಂದುಕೊಂಡು, ಮಾರನೆಯ ದಿನದ ಬಾಡೂಟಕ್ಕೆ ಗೋಪಾಲಪ್ಪ ಜನವರಿಯಲ್ಲೇ ಸಿಎಲ್ ಬರೆದುಕೊಟ್ಟಿದ್ದ. ಬೀಗರನ್ನೂ ಆ ಊಟಕ್ಕೆ ಕರೆದಾಗಿತ್ತು.

ಗೋಪಾಲಪ್ಪ ಕ್ಯಾಲೆಂಡರಿನ ಎರಡೂ ದಿನಗಳ ಮೇಲೆ ಬೆರಳಿಟ್ಟ. ಕುರಿ ಒಂದು ಕಡೆ, ಗೋವಿಂದಪ್ಪ ಒಂದು ಕಡೆ.

"ಬದಲಾಯಿಸಿಕೊಳ್ಳಾಣ. ಯುಗಾದಿ ನಂಗೆ, ತೊಡಕು ನಿಂಗೆ."

"ಕುರಿ ತಲೆ ಮಾಂಸ ಬಿಟ್ಟುಕೊಡ್ತೀರಾ?"

"ಮಗಳಿಗೋಸ್ಕರ ಬಿಡ್ತೀನಿ. ಬಾಯಿ ಮುಚ್ಕೊಂಡು ಬರಿ!"

ರಮಾ ಆರ್‌ಹೆಚ್ ರದ್ದು ಮಾಡಿಸಿ, ತೊಡಕಿಗೆ ಸಿಎಲ್ ಬರೆದಳು. ಗೋಪಾಲಪ್ಪ ತನ್ನ ಸಿಎಲ್ ಒಂದು ದಿನ ಹಿಂದಕ್ಕೆ ಸರಿಸಿದ. ಇಳಂಗೋ ಎರಡಕ್ಕೂ ಸಹಿ ಹಾಕಿ, "ಆರ್‌ಹೆಚ್ ಮಿಚ್ಚ ಇರುಕ್ಕು, ಉಳಿದಿದೆ ಮೇಡಂ. ಡಿಸೆಂಬರ್ ಒಳಗೆ ತಗೊಳ್ಳಿ, ಇಲ್ಲಾಂದ್ರೆ ಹೋಯ್ತು. ಮುಂದಿನ ವರ್ಷಕ್ಕೆ ಸೇರಲ್ಲ," ಎಂದ.

ಯುಗಾದಿಯಂದು ತಾಂಬೂಲದ ತಟ್ಟೆ ಗೋಪಾಲಪ್ಪನ ಕೈಯಿಂದಲೇ ಅಶ್ವತ್ಥಪ್ಪನ ಕೈಗೆ ಹೋಯಿತು. ಗೋವಿಂದಪ್ಪ ಜಗಲಿಯಲ್ಲಿ ಕೂತು ಬೇವುಬೆಲ್ಲ ತಿಂದ.

"ನಾಳೆ ಬಾಡೂಟಕ್ಕೆ ನಾವೆಲ್ಲ ಸಿಎಲ್ ಹಾಕ್ಕೊಂಡು ಬಂದಿದೀವಿ ಬೀಗರೇ. ನೀವೇ ಬಡಿಸ್ಬೇಕು," ಎಂದ ಅಶ್ವತ್ಥಪ್ಪ.

"ನಾಳೆ ನಾನಿರಲ್ಲ. ಆಫೀಸು."

"ಮತ್ತೆ ಮನೆ ಯಜಮಾನರ ಜಾಗದಲ್ಲಿ ಯಾರು ಬಡಿಸೋದು?"

ಗೋಪಾಲಪ್ಪ ಹೆಗಲ ಟವೆಲ್ಲು ಕೊಡವಿದ. ಆಮೇಲೆ ಜಗಲಿಯ ಕಡೆ ಮುಖ ಮಾಡಿ, ಆರು ವರ್ಷದ ನಂತರ ಮೊದಲ ಸಲ, ಅಣ್ಣನನ್ನು ಹೆಸರು ಹಿಡಿಯದೆ ಕೂಗಿದ.

"ಏಯ್, ನಾಳೆ ರಜಾ ಐತಾ ನಿಂಗೆ?"